ಹಲವು ಲೇಖಕರ ಅಧ್ಯಾಯಗಳಿಂದ ಒಂದು ಗ್ರಂಥ: ಭಾಷಾವಿಜ್ಞಾನದ ಕನ್ನಡ ಪಠ್ಯವೊಂದರ ಏಕೀಕರಣದಲ್ಲಿ ಪರಿಭಾಷೆ, ವಿಶ್ಲೇಷಣೆ ಮತ್ತು ನಿರೂಪಣೆ

ಸಾರಾಂಶ

ಹಲವು ವಿದ್ವಾಂಸರು ಪ್ರತ್ಯೇಕವಾಗಿ ಬರೆದ ಅಧ್ಯಾಯಗಳನ್ನು ಒಂದೇ ಗ್ರಂಥವಾಗಿ ಹೊಂದಿಸುವಾಗ ಸಂಪಾದಕರು ಸಾಮಾನ್ಯವಾಗಿ ಪಾರಿಭಾಷಿಕ ಪದಗಳ ಏಕರೂಪತೆಯಿಂದ ಕೆಲಸ ಆರಂಭಿಸುತ್ತಾರೆ. ಈ ಕ್ರಮವು ತಲೆಕೆಳಗಾದುದು ಎಂಬುದು ಪ್ರಸ್ತುತ ಲೇಖನದ ವಾದ. ಪದವನ್ನು ಬದಲಿಸುವ ಮೊದಲು, ಎರಡು ಅಧ್ಯಾಯಗಳು ಒಂದೇ ಪರಿಕಲ್ಪನೆಯನ್ನು ಕುರಿತು ಮಾತನಾಡುತ್ತಿವೆಯೇ ಎಂಬುದು ಇತ್ಯರ್ಥವಾಗಬೇಕು. ಆರು ಅಧ್ಯಾಯಗಳ ಪದವಿ ತರಗತಿಯ ಪಠ್ಯವೊಂದರ ಏಕೀಕರಣದಿಂದ ನಾಲ್ಕು ಪ್ರಸಂಗಗಳನ್ನು ಆಯ್ದು ಇಲ್ಲಿ ಪರಿಶೀಲಿಸಲಾಗಿದೆ.

ಕೀಲಿಪದಗಳು: ಪರಿಭಾಷೆ, ಏಕೀಕರಣ, ಅಕ್ಷರ, ಚತುರ್ಥೀ ವಿಭಕ್ತಿ, ವಿವರದ ಮಟ್ಟ, ಸರ್ವನಾಮ

1. ಪೀಠಿಕೆ

ಕನ್ನಡದಲ್ಲಿ ಭಾಷಾವಿಜ್ಞಾನವನ್ನು ಮೊದಲ ಬಾರಿಗೆ ಓದುವ ವಿದ್ಯಾರ್ಥಿಗಳಿಗಾಗಿ ಸಿದ್ಧವಾದ ಪಠ್ಯವೊಂದರಲ್ಲಿ ಲಿಪಿ, ಧ್ವನಿ, ಪದರಚನೆ, ವಾಕ್ಯ, ಅರ್ಥ ಮತ್ತು ಉಪಭಾಷೆ ಎಂಬ ಆರು ಅಧ್ಯಾಯಗಳಿದ್ದವು. ಆರನ್ನೂ ಆರು ಮಂದಿ ಬರೆದಿದ್ದರು. ಅವನ್ನು ಒಂದೇ ಗ್ರಂಥವಾಗಿ ಓದಿಸಿಕೊಂಡು ಹೋಗುವಂತೆ ಮಾಡುವ ಹೊಣೆ ನನ್ನದಾಗಿತ್ತು. ಪ್ರತಿಯೊಂದು ಅಧ್ಯಾಯವೂ ತನ್ನಷ್ಟಕ್ಕೆ ಸಮರ್ಪಕವಾಗಿಯೇ ಇದ್ದಿತು. ಆದರೆ ಅವನ್ನು ಒಂದರ ಮುಂದೊಂದು ಓದಿದಾಗ, ಎರಡನೆಯ ಅಧ್ಯಾಯದಲ್ಲಿ ಕಲಿತದ್ದನ್ನು ನಾಲ್ಕನೆಯದರಲ್ಲಿ ಮರೆತರೆ ಮಾತ್ರ ಮುಂದುವರಿಯಬಹುದು ಎಂಬ ಸ್ಥಿತಿ ಕಂಡುಬಂತು.

ಇಂತಹ ಕೆಲಸದಲ್ಲಿ ಮೂರು ಬಗೆಯ ಭಿನ್ನತೆಗಳು ಬೆರೆತಿರುತ್ತವೆ. ಒಂದೇ ಪರಿಕಲ್ಪನೆಗೆ ಹಲವು ಪದಗಳಿರುವುದು ಮೊದಲನೆಯದು. ಒಂದೇ ಪದವು ಹಲವು ಪರಿಕಲ್ಪನೆಗಳನ್ನು ಸೂಚಿಸುವುದು ಎರಡನೆಯದು. ಲೇಖಕರ ವಿಶ್ಲೇಷಣೆಯೇ ಬೇರೆಯಾಗಿರುವುದು ಮೂರನೆಯದು. ಹೊರನೋಟಕ್ಕೆ ಮೂರೂ ‘ಪದಗಳ ಗೊಂದಲ’ವಾಗಿಯೇ ತೋರುತ್ತವೆ. ಮೊದಲನೆಯದನ್ನು ಮಾತ್ರ ಪದದ ಬದಲಾವಣೆಯಿಂದ ಪರಿಹರಿಸಬಹುದು. ಉಳಿದೆರಡಕ್ಕೆ ಅದೇ ಮದ್ದನ್ನು ಪ್ರಯೋಗಿಸಿದರೆ ಲೇಖಕರು ಹೇಳದ ಮಾತನ್ನು ಅವರ ಹೆಸರಿನಲ್ಲಿ ಮುದ್ರಿಸಿದಂತಾಗುತ್ತದೆ. ನನ್ನಿಂದ ಆದ ಮೊದಲ ತಪ್ಪು ಇದೇ ಆಗಿತ್ತು.

2. ‘ಅಕ್ಷರ’: ಒಂದು ಪದ, ಎರಡು ಪರಿಕಲ್ಪನೆ

ಧ್ವನಿಯ ಅಧ್ಯಾಯದಲ್ಲಿ ‘ಅಕ್ಷರ’ ಮತ್ತು ‘ಉಚ್ಚಾರಾಂಶ’ ಎಂಬ ಎರಡು ಪದಗಳೂ ಒಂದೇ ಅರ್ಥದಲ್ಲಿ ಬಳಕೆಯಾಗಿದ್ದವು. ಲಿಪಿಯ ಅಧ್ಯಾಯದಲ್ಲಿ ‘ಅಕ್ಷರ’ ಮಾತ್ರವಿತ್ತು. ಉಚ್ಚಾರಾಂಶವೆಂಬ ಪದವು ಸ್ಪಷ್ಟವಾಗಿದೆಯೆಂದು ಭಾವಿಸಿ, ಗ್ರಂಥದುದ್ದಕ್ಕೂ ‘ಅಕ್ಷರ’ವನ್ನು ತೆಗೆದು ‘ಉಚ್ಚಾರಾಂಶ’ವನ್ನು ಸೇರಿಸಿದೆ. ಪರಿಷ್ಕೃತ ಪ್ರತಿಯನ್ನು ನೋಡಿದ ಲಿಪಿ ಅಧ್ಯಾಯದ ಲೇಖಕರು ಒಂದು ವಾಕ್ಯದ ಕೆಳಗೆ ಗೆರೆ ಎಳೆದು ಹಿಂದಿರುಗಿಸಿದರು. ಅವರು ಬರೆದಿದ್ದುದು, ಕನ್ನಡ ಬರವಣಿಗೆಯಲ್ಲಿ ಒತ್ತು ಪಡೆದ ಅಕ್ಷರವು ಸಾಮಾನ್ಯವಾಗಿ ಸ್ವರದೊಂದಿಗೆ ಮುಗಿಯುತ್ತದೆ ಎಂದು. ನಾನು ಬದಲಿಸಿದ ಮೇಲೆ ಅದು, ಒತ್ತು ಪಡೆದ ಉಚ್ಚಾರಾಂಶವು ಸಾಮಾನ್ಯವಾಗಿ ಸ್ವರದೊಂದಿಗೆ ಮುಗಿಯುತ್ತದೆ ಎಂದಾಗಿತ್ತು. ಅವರ ವಾಕ್ಯ ಸತ್ಯವಾಗಿತ್ತು, ನನ್ನದು ಅರ್ಥಹೀನವಾಗಿತ್ತು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬರವಣಿಗೆಯಲ್ಲಿ ಇದರ ಘಟಕಗಳು ಕ, ನ್ನ, ಡ ಎಂಬ ಮೂರು. ಉಚ್ಚಾರಣೆಯಲ್ಲಿ ಇದರ ಘಟಕಗಳು ಕನ್, ನ, ಡ ಎಂಬ ಮೂರು. ಸಂಖ್ಯೆ ಒಂದೇ ಆದರೂ ಗಡಿ ಬೇರೆ. ಬರೆಯುವಾಗ ಎರಡೂ ನಕಾರಗಳು ಮುಂದಿನ ಘಟಕಕ್ಕೆ ಸೇರುತ್ತವೆ, ನುಡಿಯುವಾಗ ಮೊದಲ ನಕಾರವು ಹಿಂದಿನ ಘಟಕವನ್ನು ಮುಚ್ಚುತ್ತದೆ. ‘ಬಸ್’ ಎಂಬಲ್ಲಿ ಸಂಖ್ಯೆಯೂ ಬೇರೆಯಾಗುತ್ತದೆ: ಬರವಣಿಗೆಯಲ್ಲಿ ಬ ಮತ್ತು ಸ್ ಎಂಬ ಎರಡು ಘಟಕಗಳು, ಉಚ್ಚಾರಣೆಯಲ್ಲಿ ಒಂದೇ. ಹೀಗಾಗಿ ‘ಅಕ್ಷರವು ವ್ಯಂಜನದಿಂದಲೂ ಕೊನೆಗೊಳ್ಳಬಹುದು’ ಎಂದು ಧ್ವನಿಯ ಅಧ್ಯಾಯ ಹೇಳಿದ್ದೂ, ‘ಒತ್ತಕ್ಷರವು ಸಾಮಾನ್ಯವಾಗಿ ಸ್ವರಾಂತವಾಗಿರುತ್ತದೆ’ ಎಂದು ಲಿಪಿಯ ಅಧ್ಯಾಯ ಹೇಳಿದ್ದೂ ತಂತಮ್ಮ ಅರ್ಥದಲ್ಲಿ ಸರಿಯೇ. ವಿದ್ಯಾರ್ಥಿಗೆ ಮಾತ್ರ ಇವು ಪರಸ್ಪರ ವಿರೋಧವಾಗಿ ಕಾಣುತ್ತವೆ.

ಯಾಂತ್ರಿಕ ಬದಲಾವಣೆಯಿಂದ ಇನ್ನೊಂದು ಹಾನಿಯೂ ಆಗಿತ್ತು. ಸಂಧಿಯಾದಾಗ ‘ಅಕ್ಷರ’ದ ಮೊದಲ ಸ್ವರವು ಹಿಂದಿನ ವ್ಯಂಜನದೊಡನೆ ಬೆರೆಯುವುದರಿಂದ, ಗುಣಿತಾಕ್ಷರ, ಒತ್ತಕ್ಷರ, ಏಕಾಕ್ಷರ ಮುಂತಾದ ಪದಗಳು ಗಣಕದ ಹುಡುಕಾಟಕ್ಕೆ ಸಿಗಲಿಲ್ಲ. ಪರಿಣಾಮವಾಗಿ ಒಂದೇ ಪುಟದಲ್ಲಿ ‘ಉಚ್ಚಾರಾಂಶ’ವೂ ‘ಒತ್ತಕ್ಷರ’ವೂ ಒಟ್ಟಿಗೆ ನಿಂತು, ಅವೆರಡಕ್ಕೂ ಯಾವ ಸಂಬಂಧವೂ ಇಲ್ಲವೆಂಬಂತೆ ತೋರುತ್ತಿದ್ದವು.

ಕೊನೆಗೆ, ‘ಅಕ್ಷರ’ವನ್ನು ಬರವಣಿಗೆಯ ಘಟಕಕ್ಕೂ ‘ಉಚ್ಚಾರಾಂಶ’ವನ್ನು ನುಡಿಯ ಘಟಕಕ್ಕೂ ಮೀಸಲಿಡಲಾಯಿತು. ಧ್ವನಿಯ ಅಧ್ಯಾಯದ ಪ್ರತಿಯೊಂದು ‘ಅಕ್ಷರ’ವನ್ನೂ ಕಣ್ಣಿನಿಂದ ಓದಿ, ವಾಕ್ಯದ ಅರ್ಥವನ್ನು ನೋಡಿ, ಆಮೇಲೆ ತಿದ್ದಲಾಯಿತು. ‘ಕನ್ನಡ’ ಎಂಬ ಪದದ ಎರಡು ವಿಭಜನೆಗಳನ್ನು ಲಿಪಿಯ ಅಧ್ಯಾಯದಲ್ಲೇ ಅಕ್ಕಪಕ್ಕ ಇಟ್ಟು, ಧ್ವನಿಯ ಅಧ್ಯಾಯವು ಅದನ್ನು ನೆನಪಿಸುವಂತೆ ಮಾಡಲಾಯಿತು.

3. ಒಂದು ಪರಿಕಲ್ಪನೆ, ಹಲವು ಪದ

ಈ ಅನುಭವದ ನಂತರ, ಪದಗಳ ಪಟ್ಟಿಯ ಬದಲು ಪರಿಕಲ್ಪನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದೆ. ಪ್ರತಿಯೊಂದು ಸಾಲಿನಲ್ಲಿ ಮೊದಲು ಪರಿಕಲ್ಪನೆಯ ವಿವರಣೆಯನ್ನು ಸಾಮಾನ್ಯ ಕನ್ನಡದಲ್ಲಿ ಬರೆದು, ಆಮೇಲೆ ಪ್ರತಿ ಅಧ್ಯಾಯವು ಅದಕ್ಕೆ ಬಳಸಿದ ಪದವನ್ನೂ ಅದರ ಒಂದು ಉದಾಹರಣೆಯನ್ನೂ ದಾಖಲಿಸಲಾಯಿತು. ಉದಾಹರಣೆಯನ್ನು ದಾಖಲಿಸುವುದು ಇಲ್ಲಿ ಮುಖ್ಯ. ಎರಡು ಅಧ್ಯಾಯಗಳ ನಿರ್ವಚನಗಳು ಹೋಲುತ್ತಿದ್ದರೂ ಉದಾಹರಣೆಗಳು ಬೇರೆ ಬಗೆಯವಾಗಿದ್ದರೆ ಪರಿಕಲ್ಪನೆಯೂ ಬೇರೆಯಿರುವ ಸಂಭವವಿದೆ.

ಅರ್ಥಭೇದಕ್ಕೆ ಕಾರಣವಾಗುವ ಧ್ವನಿಘಟಕಕ್ಕೆ ಧ್ವನಿಮಾ, ಧ್ವನಿಮೆ, ಸ್ವನಿಮ ಎಂಬ ಮೂರು ಪದಗಳೂ, ಅರ್ಥವುಳ್ಳ ಕನಿಷ್ಠ ಘಟಕಕ್ಕೆ ಆಕೃತಿಮಾ, ಆಕೃತಿಮೆ, ಪದಿಮ ಎಂಬ ಮೂರು ಪದಗಳೂ ಆರು ಅಧ್ಯಾಯಗಳಲ್ಲಿ ಹರಡಿದ್ದವು. ಉದಾಹರಣೆಗಳು ಒಂದೇ ಬಗೆಯವಾಗಿದ್ದುದರಿಂದ ಇದು ನಿಜಕ್ಕೂ ಪದಗಳ ಭಿನ್ನತೆಯೇ ಆಗಿತ್ತು. ಆಯ್ಕೆಗೆ ಯಾವುದನ್ನು ಆಧಾರ ಮಾಡಿಕೊಳ್ಳಬೇಕು? ಹೆಚ್ಚು ಅಧ್ಯಾಯಗಳಲ್ಲಿ ಇರುವ ಪದವನ್ನು ಆರಿಸುವುದು ಸುಲಭ. ಆದರೆ ಪಾರಿಭಾಷಿಕ ಪದವು ವಾಕ್ಯದಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಹೊತ್ತು ನೂರಾರು ಬಾರಿ ಬರಬೇಕಾಗಿರುತ್ತದೆ. ಕನ್ನಡದಲ್ಲಿ ದೀರ್ಘ ಆಕಾರದಿಂದ ಕೊನೆಗೊಳ್ಳುವ ನಾಮಪದಗಳು ವಿರಳ, ಅವುಗಳ ರೂಪವೂ ಅಸ್ಥಿರ. ಒಂದೇ ಅಧ್ಯಾಯದಲ್ಲಿ ‘ಧ್ವನಿಮಾಕ್ಕೆ’ ಮತ್ತು ‘ಧ್ವನಿಮಾಗೆ’ ಎಂಬ ಎರಡೂ ರೂಪಗಳಿದ್ದವು. ‘ಧ್ವನಿಮೆ’ಯು ‘ಮನೆ’ಯಂತೆಯೇ ನಡೆಯುತ್ತದೆ: ಧ್ವನಿಮೆಯನ್ನು, ಧ್ವನಿಮೆಗೆ, ಧ್ವನಿಮೆಯಲ್ಲಿ. ಈ ಕಾರಣಕ್ಕಾಗಿ ಧ್ವನಿಮೆ, ಆಕೃತಿಮೆ ಎಂಬ ಜೋಡಿಯನ್ನು ಆರಿಸಲಾಯಿತು.

ಆಯ್ಕೆ ಸರಿಯಾಗಿದ್ದರೂ ಬದಲಾವಣೆಯನ್ನು ಗಣಕಕ್ಕೆ ಒಪ್ಪಿಸುವಂತಿಲ್ಲ. ‘ಧ್ವನಿಮಾ’ ಎಂಬುದನ್ನು ‘ಧ್ವನಿಮೆ’ ಎಂದು ಒಮ್ಮೆಗೇ ಬದಲಿಸಿದರೆ ‘ಧ್ವನಿಮಾದ’ ಎಂಬುದು ‘ಧ್ವನಿಮೆದ’ ಆಗುತ್ತದೆ, ‘ಧ್ವನಿಮಾವನ್ನು’ ಎಂಬುದು ‘ಧ್ವನಿಮೆವನ್ನು’ ಆಗುತ್ತದೆ, ‘ಧ್ವನಿಮಾತ್ಮಕ’ವಂತೂ ‘ಧ್ವನಿಮೆತ್ಮಕ’ವೆಂಬ ವಿಚಿತ್ರ ರೂಪ ತಾಳುತ್ತದೆ. ಆದುದರಿಂದ ಮೊದಲು ಪದದ ಎಲ್ಲ ವಿಭಕ್ತಿರೂಪಗಳನ್ನೂ ಸಮಾಸಗಳನ್ನೂ ಪಟ್ಟಿಮಾಡಿ, ಉದ್ದವಾದ ರೂಪದಿಂದ ಚಿಕ್ಕ ರೂಪದ ಕಡೆಗೆ ಒಂದೊಂದಾಗಿ ಬದಲಿಸಬೇಕು. ಕಣ್ಣಿಗೆ ಕಾಣದ ತೊಡಕೂ ಒಂದಿದೆ. ಕೆಲವರ ಕೀಲಿಮಣೆ ವಿನ್ಯಾಸದಲ್ಲಿ ‘ಸಿಲಬಲ್’ನಂತಹ ವ್ಯಂಜನಾಂತ ಪದದ ಕೊನೆಗೆ U+200C ಎಂಬ ಅದೃಶ್ಯ ಸಂಕೇತ ಸೇರಿಕೊಳ್ಳುತ್ತದೆ. ಮುದ್ರಣದಲ್ಲಿ ಎರಡು ರೂಪಗಳೂ ಒಂದೇ ಆದರೂ ಗಣಕವು ಅವನ್ನು ಬೇರೆ ಪದಗಳೆಂದೇ ಎಣಿಸುತ್ತದೆ. ವಿಷಯಸೂಚಿಯಲ್ಲಿ ಒಂದೇ ಪದವು ಎರಡು ಬಾರಿ ಬಂದಿದ್ದರೆ ಕಾರಣ ಬಹುತೇಕ ಇದೇ.

ಪದಗಳ ಭಿನ್ನತೆಯಂತೆ ಕಂಡರೂ ನಿಲುವಿನ ಭಿನ್ನತೆಯಾಗಿರುವ ಪದಗಳನ್ನು ಇಲ್ಲಿಯೇ ಬೇರ್ಪಡಿಸಬೇಕು. ವಾಕ್ಯದ ಅಧ್ಯಾಯದಲ್ಲಿ ಒಂದೆರಡು ಕಡೆ ‘ಎಸಕಪದ’ ಎಂಬ ಪದವಿತ್ತು, ಇತರ ಅಧ್ಯಾಯಗಳಲ್ಲಿ ‘ಕ್ರಿಯಾಪದ’ವಿತ್ತು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದ ಕರ್ತೃ ಡಿ.ಎನ್. ಶಂಕರ ಭಟ್ಟರ ಬರಹಗಳನ್ನು ಬಲ್ಲವರಿಗೆ, ಎಸಕಪದವನ್ನು ಆರಿಸಿಕೊಳ್ಳುವುದು ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಕನ್ನಡಕ್ಕೆ ಅನ್ವಯಿಸುವುದರ ಬಗೆಗಿನ ಒಂದು ನಿಲುವೂ ಹೌದು ಎಂಬುದು ತಿಳಿದಿದೆ. ಲೇಖಕರನ್ನು ಕೇಳಿದಾಗ, ಆ ಅಧ್ಯಾಯದ ಮಟ್ಟಿಗೆ ತಮ್ಮ ವಾದವು ಆ ನಿಲುವನ್ನು ಅವಲಂಬಿಸಿಲ್ಲವೆಂದು ಅವರೇ ತಿಳಿಸಿದರು. ಆ ಬಳಿಕವೇ ‘ಕ್ರಿಯಾಪದ’ವನ್ನು ಉಳಿಸಿಕೊಳ್ಳಲಾಯಿತು. ಅವಲಂಬಿಸಿದೆ ಎಂದಿದ್ದರೆ ಪದವನ್ನು ಹಾಗೆಯೇ ಇಟ್ಟು, ಕಾರಣವನ್ನು ಪಠ್ಯದಲ್ಲೇ ವಿವರಿಸಬೇಕಾಗುತ್ತಿತ್ತು.

4. ವಿಶ್ಲೇಷಣೆಯ ಭಿನ್ನತೆ: ಚತುರ್ಥಿಯ ಪ್ರಸಂಗ

ಪದರಚನೆಯ ಅಧ್ಯಾಯವು ಚತುರ್ಥೀ ವಿಭಕ್ತಿ ಪ್ರತ್ಯಯಕ್ಕೆ ನಾಲ್ಕು ರೂಪಭೇದಗಳನ್ನು ಹೇಳಿತ್ತು: ‘ಮನೆಗೆ’ ಎಂಬಲ್ಲಿ ‘ಗೆ’, ‘ಊರಿಗೆ’ ಎಂಬಲ್ಲಿ ‘ಇಗೆ’, ‘ಮರಕ್ಕೆ’ ಎಂಬಲ್ಲಿ ‘ಕ್ಕೆ’, ‘ಅದಕ್ಕೆ’ ಎಂಬಲ್ಲಿ ‘ಅಕ್ಕೆ’. ವಾಕ್ಯದ ಅಧ್ಯಾಯವು ಪ್ರತ್ಯಯಗಳನ್ನು ಕುರಿತು ಏನನ್ನೂ ಹೇಳಿರಲಿಲ್ಲ. ಆದರೆ ಅದರ ಉದಾಹರಣೆಗಳಲ್ಲಿ ಪದಗಳನ್ನು ಅಡ್ಡಗೆರೆಯಿಂದ ಬಿಡಿಸಿ ತೋರಿಸಲಾಗಿತ್ತು, ಮತ್ತು ಅಲ್ಲಿ ಊರಿ-ಗೆ, ಅವನಿ-ಗೆ, ಅದ-ಕ್ಕೆ ಎಂದಿತ್ತು. ಈ ವಿಭಜನೆಯನ್ನು ಒಪ್ಪಿದರೆ ಪ್ರತ್ಯಯದ ರೂಪಭೇದಗಳು ‘ಗೆ’ ಮತ್ತು ‘ಕ್ಕೆ’ ಎಂಬ ಎರಡು ಮಾತ್ರ. ಉಳಿದ ವ್ಯತ್ಯಾಸವೆಲ್ಲ ಪ್ರಕೃತಿಯ ಪಾಲಾಗುತ್ತದೆ. ಪದರಚನೆಯ ಅಧ್ಯಾಯದ ಕೊನೆಯಲ್ಲಿ ‘ಚತುರ್ಥೀ ಪ್ರತ್ಯಯಕ್ಕೆ ಎಷ್ಟು ರೂಪಭೇದಗಳಿವೆ?’ ಎಂಬ ಪ್ರಶ್ನೆಯೂ ಇದ್ದಿತು. ಒಂದೇ ಪುಸ್ತಕವನ್ನು ಓದಿದ ಇಬ್ಬರು ವಿದ್ಯಾರ್ಥಿಗಳು ನಾಲ್ಕೆಂದೂ ಎರಡೆಂದೂ ಉತ್ತರಿಸಿದರೆ ಇಬ್ಬರಿಗೂ ಪುಸ್ತಕದಲ್ಲಿಯೇ ಆಧಾರ ಸಿಗುತ್ತಿತ್ತು.

ಇಂತಹ ವಿರೋಧವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡು ಅಧ್ಯಾಯಗಳ ಪರಿಭಾಷೆ ಒಂದೇ. ಲೈಪ್‌ಜಿಗ್ ಗ್ಲಾಸಿಂಗ್ ನಿಯಮಗಳ ಪ್ರಕಾರ ಉದಾಹರಣೆಯ ಸಾಲಿನಲ್ಲಿಯೂ ವಿವರಣೆಯ ಸಾಲಿನಲ್ಲಿಯೂ ಅಡ್ಡಗೆರೆಗಳ ಸಂಖ್ಯೆ ಸಮನಾಗಿರಬೇಕು. ಊರಿ-ಗೆ ಎಂದರೂ ಊರ್-ಇಗೆ ಎಂದರೂ ಅಡ್ಡಗೆರೆ ಒಂದೇ ಆದುದರಿಂದ ಈ ತಾಳೆಯೂ ದೋಷವನ್ನು ತೋರಿಸಲಿಲ್ಲ. ಎಲ್ಲ ಅಧ್ಯಾಯಗಳಿಂದ ‘ಚತುರ್ಥಿ’ ಎಂದು ಗುರುತಿಸಿದ ಪದಗಳನ್ನು ಹೊರತೆಗೆದು ಒಂದೇ ಹಾಳೆಯಲ್ಲಿ ಬರೆದುಕೊಂಡಾಗ ಮಾತ್ರ ವ್ಯತ್ಯಾಸ ಹೊರಬಿತ್ತು. ಪ್ರತಿಯೊಂದು ವ್ಯಾಕರಣ ಅಂಶಕ್ಕೂ ಹೀಗೆ ಒಂದು ಹಾಳೆ ಮಾಡುವುದು ಶ್ರಮದ ಕೆಲಸವಾದರೂ ಬೇರೆ ದಾರಿಯನ್ನು ನಾನು ಕಂಡಿಲ್ಲ.

ಎರಡು ವಿಶ್ಲೇಷಣೆಗಳಿಗೂ ಸಮರ್ಥನೆಯಿದೆ. ಊರಿನ, ಊರಿನಲ್ಲಿ, ಊರಿನಿಂದ ಎಂಬ ರೂಪಗಳಲ್ಲಿಯೂ ಇಕಾರ ಇರುವುದರಿಂದ ‘ಊರಿ-’ ಎಂಬ ಪ್ರಕೃತಿರೂಪಕ್ಕೆ ಬೆಂಬಲ ದೊರೆಯುತ್ತದೆ. ಆದರೆ ಅವನ, ಅವನಲ್ಲಿ, ಅವನಿಂದ ಎಂಬ ರೂಪಗಳನ್ನು ನೋಡಿದರೆ ‘ಅವನಿ-’ ಎಂಬ ಪ್ರಕೃತಿಗೆ ಅಂತಹ ಬೆಂಬಲವಿಲ್ಲ. ಅಲ್ಲಿ ‘ಇಗೆ’ ಎಂದು ಬಿಡಿಸುವುದೇ ಸಹಜ. ಇದನ್ನು ತೀರ್ಮಾನಿಸುವುದು ಸಂಪಾದಕರ ಕೆಲಸವಲ್ಲ. ಸಂಪಾದಕರು ತೀರ್ಮಾನಿಸಬೇಕಾದುದು, ಈ ಪ್ರಶ್ನೆ ಯಾವ ಅಧ್ಯಾಯಕ್ಕೆ ಸೇರಿದ್ದು ಎಂಬುದನ್ನು ಮಾತ್ರ. ಯಾವ ಅಧ್ಯಾಯವು ವಿಷಯವನ್ನು ವಾದಪೂರ್ವಕವಾಗಿ ಮಂಡಿಸುತ್ತದೆಯೋ ಅದು ಆ ವಿಷಯಕ್ಕೆ ಆಧಾರ ಅಧ್ಯಾಯ. ಅದನ್ನು ಕೇವಲ ಬಳಸುವ ಅಧ್ಯಾಯಗಳು ಆಧಾರ ಅಧ್ಯಾಯವನ್ನು ಅನುಸರಿಸಬೇಕು. ಅದರಂತೆ ಪದರಚನೆಯ ಅಧ್ಯಾಯದ ವಿಭಜನೆಯನ್ನು ಗ್ರಂಥವಿಡೀ ಅನ್ವಯಿಸಲಾಯಿತು. ಎರಡು ರೂಪಭೇದಗಳ ವಿಶ್ಲೇಷಣೆಯನ್ನು, ಅದರ ಅನುಕೂಲ ಮತ್ತು ತೊಡಕುಗಳೊಂದಿಗೆ, ವಾಕ್ಯದ ಅಧ್ಯಾಯದ ಲೇಖಕರೇ ಒಂದು ಕಂಡಿಕೆಯಾಗಿ ಬರೆದು ಪದರಚನೆಯ ಅಧ್ಯಾಯಕ್ಕೆ ಕೊಟ್ಟರು. ‘ಎಷ್ಟು ರೂಪಭೇದಗಳಿವೆ?’ ಎಂಬ ಪ್ರಶ್ನೆಯು ‘ಊರಿಗೆ, ಅವನಿಗೆ ಎಂಬ ರೂಪಗಳನ್ನು ಎರಡು ಬಗೆಯಾಗಿ ಬಿಡಿಸಿ, ಪ್ರತಿಯೊಂದರ ಪರಿಣಾಮವನ್ನು ತಿಳಿಸಿ’ ಎಂದು ಬದಲಾಯಿತು. ಭಿನ್ನಾಭಿಪ್ರಾಯವು ಅಳಿಸಿಹೋಗದೆ, ಅದು ಇರಬೇಕಾದ ಜಾಗಕ್ಕೆ ಬಂದಿತು.

5. ವಿವರದ ಮಟ್ಟ

ಅಧ್ಯಾಯಗಳ ಪುಟಸಂಖ್ಯೆಯನ್ನು ಸರಿಸಮಗೊಳಿಸಿದರೆ ವಿವರದ ಮಟ್ಟವೂ ಸಮವಾಗುತ್ತದೆ ಎಂಬ ನಂಬಿಕೆಯಿದೆ. ನಮ್ಮ ಪಠ್ಯದಲ್ಲಿ ಸ್ವರಸಂಧಿಯ ಆಗಮವು ಮೂರು ಕಡೆ ಬಂದಿತ್ತು. ಮನೆಯನ್ನು ಎಂಬಲ್ಲಿ ಯಕಾರ, ಮರವನ್ನು ಎಂಬಲ್ಲಿ ವಕಾರ ಬರುವುದನ್ನು ಧ್ವನಿಯ ಅಧ್ಯಾಯವು ಎಲ್ಲ ನಿಬಂಧನೆಗಳೊಂದಿಗೆ ಎರಡು ಪುಟಗಳಲ್ಲಿ ವಿವರಿಸಿತ್ತು. ಪದರಚನೆಯ ಅಧ್ಯಾಯವು ಅದನ್ನೇ ಹೊಸದೆಂಬಂತೆ ಅರ್ಧ ಪುಟದಲ್ಲಿ ಹೇಳಿತ್ತು. ಲಿಪಿಯ ಅಧ್ಯಾಯವು, ಇನ್ನೂ ಏನನ್ನೂ ಓದಿರದ ವಿದ್ಯಾರ್ಥಿಗೆ, ‘ಆಗಮಸಂಧಿಯಲ್ಲಿ ಕಾಣುವಂತೆ’ ಎಂದು ಒಂದೇ ಮಾತಿನಲ್ಲಿ ದಾಟಿಹೋಗಿತ್ತು. ಮೂರು ಅಧ್ಯಾಯಗಳ ಉದ್ದ ಹೆಚ್ಚುಕಡಿಮೆ ಸಮನಾಗಿಯೇ ಇದ್ದಿತು.

ಹಾಗಾಗಿ ಉದ್ದವನ್ನು ಅಧ್ಯಾಯಕ್ಕೆ ಬದಲಾಗಿ ಪರಿಕಲ್ಪನೆಗೆ ನಿಗದಿ ಮಾಡಲಾಯಿತು. ಮೇಲೆ ಹೇಳಿದ ಪಟ್ಟಿಗೆ ಎರಡು ಕಲಮುಗಳನ್ನು ಸೇರಿಸಿದೆ: ಪರಿಕಲ್ಪನೆಯು ಮೊದಲು ಬಳಕೆಯಾದ ಪುಟ ಮತ್ತು ಅದನ್ನು ವಿವರಿಸಿದ ಪುಟ. ಬಳಕೆಯ ಪುಟವು ವಿವರಣೆಯ ಪುಟಕ್ಕಿಂತ ಹಿಂದಿದ್ದರೆ ವಿವರಣೆಯನ್ನು ಮುಂಚೆ ತರಬೇಕು, ಇಲ್ಲವೇ ಬಳಕೆಯನ್ನು ಬಿಡಬೇಕು. ಆಮೇಲೆ ಪರಿಕಲ್ಪನೆಗಳನ್ನು ಎರಡು ದರ್ಜೆಯಾಗಿ ವಿಂಗಡಿಸಲಾಯಿತು. ಪ್ರಧಾನವಾದವುಗಳಿಗೆ ನಿರ್ವಚನ, ಪೂರ್ತಿಯಾಗಿ ಬಿಡಿಸಿದ ಒಂದು ಉದಾಹರಣೆ, ಹೊಂದದ ಒಂದು ಉದಾಹರಣೆ ಮತ್ತು ಒಂದು ಅಭ್ಯಾಸ. ಕೇವಲ ಪರಿಚಯಕ್ಕೆ ಬೇಕಾದವುಗಳಿಗೆ ಒಂದು ವಾಕ್ಯ ಮತ್ತು ಒಂದು ಉದಾಹರಣೆ. ಯಾವುದು ಪ್ರಧಾನವೆಂಬುದನ್ನು, ಮುಂದಿನ ಎಷ್ಟು ಅಧ್ಯಾಯಗಳು ಅದನ್ನು ಅವಲಂಬಿಸಿವೆ ಎಂಬುದರಿಂದ ನಿರ್ಧರಿಸಲಾಯಿತು. ಆಗಮಸಂಧಿಯ ವಿವರಣೆ ಧ್ವನಿಯ ಅಧ್ಯಾಯದಲ್ಲಿ ಒಂದು ಪುಟವಾಯಿತು. ಪದರಚನೆಯ ಅಧ್ಯಾಯದ ಅರ್ಧ ಪುಟವು ಒಂದು ವಾಕ್ಯವಾಯಿತು. ಲಿಪಿಯ ಅಧ್ಯಾಯದ ಆ ಮಾತನ್ನು ತೆಗೆಯಲಾಯಿತು. ಧ್ವನಿಯ ಅಧ್ಯಾಯದಲ್ಲಿ ಉಳಿದುಹೋದ ನಿಬಂಧನೆಗಳು ಅನುಬಂಧಕ್ಕೆ ಹೋದವು.

6. ‘ನಾವು’ ಯಾರು?

ನಿರೂಪಣೆಯ ಏಕರೂಪತೆಯೆಂದರೆ ವಾಕ್ಯಗಳ ಉದ್ದವನ್ನು ಹೊಂದಿಸುವುದು, ‘ಕರೆಯಲ್ಪಡುತ್ತದೆ’ ಎಂಬುದನ್ನು ‘ಎನ್ನುತ್ತಾರೆ’ ಎಂದು ತಿದ್ದುವುದು ಎಂದು ಮೊದಲು ಭಾವಿಸಿದ್ದೆ. ಅವು ಕಷ್ಟದವಲ್ಲ. ಕಷ್ಟವಾದುದು ‘ನಾವು’ ಎಂಬ ಸರ್ವನಾಮ.

ತಮಿಳು, ತೆಲುಗುಗಳಲ್ಲಿ ಕೇಳುವವರನ್ನು ಒಳಗೊಂಡ ‘ನಾವು’ ಬೇರೆ, ಒಳಗೊಳ್ಳದ ‘ನಾವು’ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಅದರಿಂದಾಗಿ ‘ಈಗ ನಾವು ಗಮನಿಸೋಣ’ ಎಂಬಲ್ಲಿ ಲೇಖಕರೂ ಓದುಗರೂ, ‘ನಾವು ಇದನ್ನು ಒಪ್ಪುವುದಿಲ್ಲ’ ಎಂಬಲ್ಲಿ ಲೇಖಕರು ಮಾತ್ರ, ‘ನಾವು ಮನಿ ಎನ್ನುತ್ತೇವೆ’ ಎಂಬಲ್ಲಿ ಒಂದು ಪ್ರದೇಶದ ಭಾಷಿಕರು ಸೂಚಿತರಾಗುತ್ತಾರೆ. ಪ್ರತ್ಯೇಕ ಲೇಖನದಲ್ಲಿ ಸಂದರ್ಭವು ಇದನ್ನು ಬಿಡಿಸುತ್ತದೆ. ಒಂದೇ ಗ್ರಂಥದಲ್ಲಿ ಆರು ಮಂದಿಯ ‘ನಾವು’ ಒಂದಾಗಿ ಬಿಡುತ್ತವೆ. ಧ್ವನಿಯ ಅಧ್ಯಾಯವು ಪದಾಂತ್ಯದ ಎಕಾರಕ್ಕೆ ‘ಮನೆ’ಯನ್ನು ಉದಾಹರಿಸಿತ್ತು. ಉಪಭಾಷೆಯ ಅಧ್ಯಾಯದಲ್ಲಿ ‘ನಾವು ಮನಿ ಎನ್ನುತ್ತೇವೆ’ ಎಂದಿತ್ತು.

ಲೇಖಕರು ಮತ್ತು ಓದುಗರು ಸೇರಿದ ಅರ್ಥದಲ್ಲಿ ಮಾತ್ರ ‘ನಾವು’ ಬಳಸಬೇಕೆಂದು ನಿಯಮ ಮಾಡಿ, ಆ ವಾಕ್ಯವನ್ನು ‘ಉತ್ತರ ಕರ್ನಾಟಕದಲ್ಲಿ ಮನಿ ಎನ್ನುತ್ತಾರೆ’ ಎಂದು ತಿದ್ದಿದೆ. ಆ ಅಧ್ಯಾಯದ ಲೇಖಕಿಯವರು ಆಕ್ಷೇಪಿಸಿದರು. ತಮ್ಮ ಮನೆಮಾತಿನ ಬಗ್ಗೆ ಅದೇ ಮಾತಿನವರಾಗಿ ಬರೆಯುವುದು ಅಧ್ಯಾಯದ ಉದ್ದೇಶವೇ ಆಗಿತ್ತು, ತಿದ್ದುಪಡಿಯಿಂದ ತಾವು ಹೊರಗಿನಿಂದ ನೋಡುವವರಾಗಿ ಬಿಟ್ಟಿದ್ದೇವೆ ಎಂದು ಅವರು ಹೇಳಿದರು. ಅವರು ತೋರಿಸಿದ ಇನ್ನೊಂದು ಅಂಶ ನನ್ನ ಗಮನಕ್ಕೇ ಬಂದಿರಲಿಲ್ಲ. ಧ್ವನಿಯ ಅಧ್ಯಾಯವು ‘ಮನೆ’ಯನ್ನು ಯಾವ ಪ್ರದೇಶದ್ದೆಂದು ಹೇಳದೆ ‘ಕನ್ನಡದಲ್ಲಿ’ ಎಂದಷ್ಟೇ ಬರೆದಿತ್ತು. ಹೀಗಾಗಿ ಪರಿಷ್ಕೃತ ಗ್ರಂಥದಲ್ಲಿ ‘ಮನೆ’ ಕನ್ನಡವಾಗಿತ್ತು, ‘ಮನಿ’ ಉತ್ತರ ಕರ್ನಾಟಕವಾಗಿತ್ತು. ಇಬ್ಬರು ಲೇಖಕರಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಆ ಮಾತನ್ನು ಹೇಳಿದ್ದು ನನ್ನ ಏಕರೂಪತೆ.

ಪರಿಹಾರವು ಎರಡು ತಿದ್ದುಪಡಿಗಳಿಂದ ಆಯಿತು. ಮೊದಲನೆಯದಾಗಿ, ಗ್ರಂಥದ ಪ್ರತಿಯೊಂದು ಉದಾಹರಣೆಯೂ ತನ್ನ ಮೂಲವನ್ನು ಹೇಳಬೇಕೆಂದಾಯಿತು. ‘ಮನೆ’ಯ ಪಕ್ಕದಲ್ಲಿ ‘ಗ್ರಾಂಥಿಕ ಕನ್ನಡ’ ಎಂಬ ಸೂಚನೆ ಬಂದಿತು. ಎರಡನೆಯದಾಗಿ, ಉಪಭಾಷೆಯ ಅಧ್ಯಾಯದ ಆರಂಭದಲ್ಲಿ ಲೇಖಕಿಯವರು ತಾವು ಯಾವ ಮಾತಿನವರೆಂದು ತಿಳಿಸಿ, ಆ ಅಧ್ಯಾಯದ ‘ನಾವು’ ಯಾರೆಂಬುದನ್ನು ಒಂದು ವಾಕ್ಯದಲ್ಲಿ ಸ್ಪಷ್ಟಪಡಿಸಿದರು. ನಿಯಮಕ್ಕೆ ಇದು ಅಪವಾದ, ಮತ್ತು ಗ್ರಂಥದ ಮುನ್ನುಡಿಯಲ್ಲಿ ಅದನ್ನು ಅಪವಾದವೆಂದೇ ನಮೂದಿಸಲಾಗಿದೆ.

7. ಸಮಾರೋಪ

ಮೇಲಿನ ಪ್ರಸಂಗಗಳಿಂದ ಕೆಲಸದ ಕ್ರಮವೊಂದು ಹೊರಡುತ್ತದೆ. ಮೊದಲು ಪರಿಕಲ್ಪನೆಗಳನ್ನು ಉದಾಹರಣೆಗಳೊಂದಿಗೆ ಪಟ್ಟಿಮಾಡಬೇಕು. ಎರಡನೆಯದಾಗಿ, ವಿಶ್ಲೇಷಣೆಯ ಭಿನ್ನತೆಗಳನ್ನು ಆಯಾ ಆಧಾರ ಅಧ್ಯಾಯಕ್ಕೆ ಒಪ್ಪಿಸಬೇಕು. ಮೂರನೆಯದಾಗಿ, ವಿವರಣೆಗಳ ಸ್ಥಾನ ಮತ್ತು ಉದ್ದವನ್ನು ನಿರ್ಧರಿಸಬೇಕು. ಪದಗಳ ಬದಲಾವಣೆ ಮತ್ತು ವಾಕ್ಯಶೈಲಿಯ ಹೊಂದಾಣಿಕೆ ಕೊನೆಗೆ ಬರಬೇಕು, ಮತ್ತು ಅದಾದ ಮೇಲೆ ಪ್ರತಿ ಅಧ್ಯಾಯವೂ ತನ್ನ ಲೇಖಕರ ಕೈಗೆ ಮತ್ತೊಮ್ಮೆ ಹೋಗಬೇಕು.

ಈ ಕ್ರಮಕ್ಕೆ ಮಿತಿಯೂ ಇದೆ. ಆರು ಅಧ್ಯಾಯಗಳಿಗೆ ಸಾಧ್ಯವಾದ ಕೈಬರಹದ ಹಾಳೆಗಳು ಮೂವತ್ತು ಅಧ್ಯಾಯಗಳ ಕೈಪಿಡಿಗೆ ಸಾಲಲಾರವು. ಅಂತಹ ಗ್ರಂಥದಲ್ಲಿ ಪರಿಕಲ್ಪನೆಗಳ ಪಟ್ಟಿಯನ್ನು ಬರವಣಿಗೆಗೆ ಮೊದಲೇ ಲೇಖಕರಿಗೆ ಹಂಚಬೇಕಾಗುತ್ತದೆ. ಲೇಖಕರ ಪ್ರತ್ಯೇಕ ನಿಲುವುಗಳೇ ಮುಖ್ಯವಾಗಿರುವ ಅಭಿನಂದನ ಗ್ರಂಥ, ವಿಚಾರಸಂಕಿರಣ ಸಂಪುಟಗಳಿಗೆ ಈ ಮಟ್ಟದ ಏಕೀಕರಣ ಬೇಕಾಗಿಯೂ ಇಲ್ಲ. ವಿದ್ಯಾರ್ಥಿಯು ಆರಂಭದಿಂದ ಕೊನೆಯವರೆಗೆ ಓದಬೇಕಾದ ಪಠ್ಯದಲ್ಲಿ ಮಾತ್ರ, ಲಿಪಿಯ ಅಧ್ಯಾಯದಲ್ಲಿ ಅವನು ಕಲಿತ ‘ಅಕ್ಷರ’ವು ಉಪಭಾಷೆಯ ಅಧ್ಯಾಯದಲ್ಲಿಯೂ ಅದೇ ಅಕ್ಷರವಾಗಿ ಉಳಿಯಬೇಕು.